ಕೊರಳಿನ ಟ್ಯಾಗ್, ಕಾಲರ್ ಮೈಕ್ ಅಳಿಸಿದ ಜಾಗದಲ್ಲಿ ಮಸುಕು ಕಲೆ ಉಳಿಯುತ್ತಿದೆ, ಏನು ಮಾಡಲಿ?

ಅಚ್ಚುಮೊಳೆ

ನಮ್ಮ ಕಾಲೇಜಿನ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯ ಪುಟವಿನ್ಯಾಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಪರಿಚಯ ಲೇಖನಕ್ಕೆ ಪೂರ್ಣ ಪುಟದ ಭಾವಚಿತ್ರ ಹೋಗಬೇಕು. ಅವರು ವಿದೇಶದಲ್ಲಿದ್ದಾರೆ, ಹೊಸದಾಗಿ ಫೋಟೊ ತೆಗೆಸುವಷ್ಟು ಸಮಯವಿಲ್ಲ. ಅವರು ಕಳುಹಿಸಿರುವುದು ಒಂದು ವಿಚಾರ ಸಂಕಿರಣದ ವೇದಿಕೆಯಲ್ಲಿ ತೆಗೆದ ಚಿತ್ರ. ಮುಖದ ಮೇಲಿನ ಬೆಳಕು, ನಗು ಎಲ್ಲವೂ ಸೊಗಸಾಗಿವೆ. ಆದರೆ ಕೊರಳಲ್ಲಿ ಹೆಬ್ಬೆರಳಿನಷ್ಟು ಅಗಲದ ಕಡುನೀಲಿ ಟ್ಯಾಗ್ ಇದೆ, ಟೈ ಮೇಲೆ ಕಾಲರ್ ಮೈಕಿನ ಕ್ಲಿಪ್ಪು ಇದೆ. ಬೂದು ಬಣ್ಣದ ಉಣ್ಣೆಯ ಕೋಟು, ಬಿಳಿ ಅಂಗಿ, ಓರೆಗೆರೆಗಳ ಕೆಂಪು ಟೈ.

ಫೋಟೊಶಾಪ್‌ನ ಹೀಲಿಂಗ್ ಬ್ರಷ್‌ನಿಂದ ಟ್ಯಾಗನ್ನು ಅಳಿಸಿದೆ. ಕೋಟಿನ ನಡುಭಾಗದಲ್ಲಿ ಚೆನ್ನಾಗಿಯೇ ಬಂತು. ಆದರೆ ಕೋಟಿನ ಲ್ಯಾಪೆಲ್ ಅಂಚಿಗೆ ಬಂದ ಕೂಡಲೇ ಬಿಳಿ ಅಂಗಿಯ ಮೇಲೆ ಬೂದು ಮೋಡದಂಥ ಕಲೆ ಹರಡುತ್ತದೆ. ಅದನ್ನು ತಿದ್ದಲು ಮತ್ತೆ ಅದೇ ಬ್ರಷ್ ಆಡಿಸಿದರೆ ಕಲೆ ದೊಡ್ಡದಾಗುತ್ತದೆ. ಟೈ ಮೇಲೆ ಗೆರೆಗಳು ಕರಗಿಹೋಗುತ್ತವೆ. ಈ ಕೆಲಸ ಮಾಡಿ ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಪಿಕ್ಸೆಲ್ ಪಯಣ

ಅಂಚಿನಲ್ಲಿ ಹೀಲಿಂಗ್ ಬ್ರಷ್ ಬೇಡ, ಕ್ಲೋನ್ ಸ್ಟ್ಯಾಂಪ್ ಬಳಸಿ. ಬ್ರಷ್ ಪೂರ್ತಿ ಮೃದುವಾಗಿರಲಿ, ಒಪ್ಯಾಸಿಟಿ 30ರಿಂದ 40ರಷ್ಟು ಇಟ್ಟುಕೊಂಡು ನಿಧಾನವಾಗಿ ಹಲವು ಸಲ ಆಡಿಸಿ. ಸ್ವಲ್ಪ ಸ್ವಲ್ಪವಾಗಿ ಬೆರೆತು ಹೋಗುತ್ತದೆ. ಎಲ್ಲಾದರೂ ಗೆರೆ ಕಂಡರೆ ಕೊನೆಗೆ ತುಸು ಬ್ಲರ್ ಕೊಡಿ. ಟ್ಯಾಗಿನ ನೆರಳು ಉಳಿದಿದ್ದರೆ ನೇಯ್ಗೆಯನ್ನೂ ಬೆಳಕನ್ನೂ ಎರಡು ಲೇಯರಿಗೆ ಬೇರ್ಪಡಿಸುವ ಫ್ರೀಕ್ವೆನ್ಸಿ ಸೆಪರೇಷನ್ ಮಾಡಿಕೊಳ್ಳಿ, ಅದಕ್ಕಿಂತ ಒಳ್ಳೆಯ ವಿಧಾನ ಇಲ್ಲ.

ದುಬೈ ಕನ್ನಡಿಗ

ಇದೇ ವಿಷಯ ಕೇಳಬೇಕೆಂದಿದ್ದೆ. ನನ್ನ ವೀಸಾ ಅರ್ಜಿಗೆ ಫೋಟೊ ಬೇಕು. ಕಚೇರಿಯಲ್ಲಿ ಐಡಿ ಕಾರ್ಡ್ ಹಾಕಿಕೊಂಡೇ ತೆಗೆದ ಒಳ್ಳೆಯ ಚಿತ್ರವಿದೆ. ಅದರಿಂದ ದಾರವನ್ನು ತೆಗೆದು, ಹಿನ್ನೆಲೆ ಬಿಳಿ ಮಾಡಿ ಕೊಡಬಹುದೇ?

ಹಳೇ ಸ್ಟುಡಿಯೋ

ದುಬೈ ಕನ್ನಡಿಗರೇ, ಅಚ್ಚುಮೊಳೆಯವರು ಕೇಳುತ್ತಿರುವುದು ಮುದ್ರಣದ ಭಾವಚಿತ್ರದ ಮಾತು. ವೀಸಾ, ಪಾಸ್‌ಪೋರ್ಟ್ ಅರ್ಜಿಗೆ ತಿದ್ದಿದ ಚಿತ್ರ ಕೊಡಬೇಡಿ. ಆ ಚಿತ್ರವನ್ನು ಯಂತ್ರ ಮತ್ತು ಅಧಿಕಾರಿ ಇಬ್ಬರೂ ಪರೀಕ್ಷಿಸುತ್ತಾರೆ. ಹಿನ್ನೆಲೆ ಕತ್ತರಿಸಿದ ಗುರುತು ಕೂದಲಿನ ಅಂಚಿನಲ್ಲಿ ಸಿಕ್ಕಿಬಿದ್ದರೆ ಅರ್ಜಿ ವಾಪಸ್ ಬರುತ್ತದೆ. ಟ್ಯಾಗ್ ಕಳಚಿಟ್ಟು ಬಿಳಿ ಗೋಡೆಯ ಮುಂದೆ ನಿಂತು ಹೊಸದಾಗಿ ತೆಗೆಸಿಕೊಳ್ಳಿ.

ಅಚ್ಚುಮೊಳೆಯವರೇ, ನಿಮಗೆ ಎರಡು ಪ್ರಶ್ನೆ. ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದದ್ದೋ, ಕ್ಯಾಮೆರಾದಿಂದ ನೇರ ಬಂದ ಕಡತವೋ? ಆ ಛಾಯಾಗ್ರಾಹಕರ ಬಳಿ ಅದೇ ಹೊತ್ತಿನಲ್ಲಿ ತೆಗೆದ ಬೇರೆ ಚಿತ್ರಗಳಿವೆಯೇ? ಬ್ರಷ್ ಮುಟ್ಟುವ ಮೊದಲು ಇವೆರಡು ಗೊತ್ತಾಗಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗಿ ಬಟ್ಟೆಯ ನೇಯ್ಗೆಯೇ ಕರಗಿರುತ್ತದೆ. ಇಲ್ಲದ ನೇಯ್ಗೆಯನ್ನು ಎಲ್ಲಿಂದ ನಕಲು ಮಾಡುವುದು? ಡಾಕ್ಯುಮೆಂಟ್ ಎಂದು ಕಳುಹಿಸಲು ಹೇಳಿದರೆ ಮೂಲ ಕಡತವೇ ಬರುತ್ತದೆ.

ಕಲೆ ಯಾಕೆ ಹರಡುತ್ತಿದೆ ಎಂಬುದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಹೀಲಿಂಗ್ ಬ್ರಷ್ ನೀವು ತೋರಿಸಿದ ಜಾಗದಿಂದ ನೇಯ್ಗೆಯನ್ನಷ್ಟೇ ತರುತ್ತದೆ. ಬಣ್ಣ ಮತ್ತು ಬೆಳಕನ್ನು ಅದು ತೆಗೆದುಕೊಳ್ಳುವುದು ಬ್ರಷ್ ಆಡಿದ ಜಾಗದ ಸುತ್ತಲಿನಿಂದ. ಕೋಟಿನ ನಡುವೆ ಸುತ್ತಲೂ ಬೂದು ಬಣ್ಣವೇ ಇದೆ, ಹಾಗಾಗಿ ಅಲ್ಲಿ ಚೆನ್ನಾಗಿ ಬಂತು. ಲ್ಯಾಪೆಲ್ ಅಂಚಿನಲ್ಲಿ ಒಂದು ಬದಿ ಬಿಳಿ ಅಂಗಿ, ಇನ್ನೊಂದು ಬದಿ ಬೂದು ಕೋಟು. ಬ್ರಷ್ ಎರಡನ್ನೂ ಕಲಸಿ ನಡುವಿನ ಬಣ್ಣವೊಂದನ್ನು ಹಚ್ಚುತ್ತದೆ, ಅದೇ ನಿಮ್ಮ ಮೋಡ. ಮತ್ತೆ ಆಡಿಸಿದರೆ ಆ ಮೋಡವೇ ಈಗ ಸುತ್ತಲಿನ ಬಣ್ಣವಾಗಿರುವುದರಿಂದ ಅದು ಇನ್ನಷ್ಟು ಹರಡುತ್ತದೆ. ಟ್ಯಾಗಿನ ನೀಲಿ ಅಂಚು ಕೂದಲೆಳೆಯಷ್ಟು ಉಳಿದಿದ್ದರೂ ಆ ನೀಲಿಯೂ ಒಳಗೆ ಸೇರುತ್ತದೆ.

ಅಚ್ಚುಮೊಳೆ

ಈಗ ಅರ್ಥವಾಯಿತು ಸರ್. ಕಡತ ಮಿಂಚಂಚೆಯಲ್ಲಿ ಬಂದದ್ದು, ಕ್ಯಾಮೆರಾದ ಜೆಪೆಗ್. ತಲೆ ಮತ್ತು ಎದೆಭಾಗಕ್ಕೆ ಕತ್ತರಿಸಿದ ಮೇಲೂ 1,900 ಪಿಕ್ಸೆಲ್ ಅಗಲವಿದೆ. ಆ ಅಳತೆಯಲ್ಲಿ ಟ್ಯಾಗಿನ ಪಟ್ಟಿ ಸುಮಾರು 60 ಪಿಕ್ಸೆಲ್. ಛಾಯಾಗ್ರಾಹಕರನ್ನು ಕೇಳಿದೆ, ಇನ್ನೆರಡು ಚಿತ್ರ ಕಳುಹಿಸಿದರು. ಒಂದರಲ್ಲಿ ಮುಖ ಪೂರ್ತಿ ಬೇರೆ ಕಡೆಗಿದೆ, ಅದು ಉಪಯೋಗಕ್ಕೆ ಬರಲಾರದು. ಇನ್ನೊಂದರಲ್ಲಿ ಕಣ್ಣು ಮುಚ್ಚಿದ್ದಾರೆ, ಆದರೆ ಮೈ ಹೆಚ್ಚುಕಡಿಮೆ ಅದೇ ಭಂಗಿಯಲ್ಲಿದೆ. ಟ್ಯಾಗ್ ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದಿದೆ.

ಹಳೇ ಸ್ಟುಡಿಯೋ

ಕಣ್ಣು ಮುಚ್ಚಿದ ಚಿತ್ರ ನಿಮಗೆ ನಿಧಿ ಸಿಕ್ಕಂತೆ. ಟ್ಯಾಗ್ ಸರಿದಿದೆ ಎಂದರೆ ಮೊದಲ ಚಿತ್ರದಲ್ಲಿ ಮುಚ್ಚಿಹೋದ ಲ್ಯಾಪೆಲ್ ಅಂಚು ಇದರಲ್ಲಿ ತೆರೆದಿದೆ. ನಾವು ಕೈಯಿಂದ ಎಷ್ಟೇ ಚೆನ್ನಾಗಿ ಅಂಚು ಕಟ್ಟಿದರೂ ಅದು ಊಹೆಯೇ. ಇದು ನಿಜವಾದ ಅಂಚು.

ಆ ಚಿತ್ರದಿಂದ ಲ್ಯಾಪೆಲ್ ಇರುವ ಭಾಗವನ್ನು, ಎರಡು ಕಡೆ ಧಾರಾಳ ಬಟ್ಟೆ ಬಿಟ್ಟುಕೊಂಡು, ನಿಮ್ಮ ಚಿತ್ರದ ಮೇಲೆ ಹೊಸ ಲೇಯರ್ ಆಗಿ ಅಂಟಿಸಿ. ಆ ಲೇಯರಿನ ಬ್ಲೆಂಡ್ ಮೋಡನ್ನು Difference ಮಾಡಿ. ಎರಡೂ ಚಿತ್ರ ಒಂದೇ ಆದಲ್ಲಿ ಕಪ್ಪಾಗಿ ಕಾಣುತ್ತದೆ, ಹೊಂದದಿದ್ದರೆ ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಲೇಯರನ್ನು ಸರಿಸುತ್ತ, ಬೇಕಿದ್ದರೆ ತುಸು ತಿರುಗಿಸುತ್ತ, ಟ್ಯಾಗಿನ ಮೇಲೆ ಮತ್ತು ಕೆಳಗೆ ಲ್ಯಾಪೆಲ್ ಅಂಚಿನ ಗೆರೆ ಮಾಯವಾಗುವವರೆಗೂ ಹೊಂದಿಸಿ. ಇಡೀ ಕೋಟು ಹೊಂದಬೇಕಾಗಿಲ್ಲ, ಆ ಎರಡು ಅಂಗುಲ ಹೊಂದಿದರೆ ಸಾಕು. ಬಳಿಕ Normal ಮಾಡಿ, ಕಪ್ಪು ಮಾಸ್ಕ್ ಹಾಕಿ, ಟ್ಯಾಗ್ ಇದ್ದ ಜಾಗದಲ್ಲಿ ಮಾತ್ರ ಬಿಳಿ ಬ್ರಷ್‌ನಿಂದ ತೆರೆಯಿರಿ.

ಇದು ಒಂದು ಬದಿಗೆ ಆಗುತ್ತದೆ. ಟ್ಯಾಗ್ ಯಾವ ಕಡೆಗೆ ಸರಿದಿದೆಯೋ ಆ ಬದಿಯ ಅಂಚು ಎರಡೂ ಚಿತ್ರಗಳಲ್ಲಿ ಮುಚ್ಚಿರಬಹುದು. ಅದನ್ನು ಕೈಯಿಂದಲೇ ಕಟ್ಟಬೇಕು. ಅದಕ್ಕೆ ಮುಂಚೆ ಪಿಕ್ಸೆಲ್ ಪಯಣ ಅವರ ಸಲಹೆಯ ಬಗ್ಗೆ ಒಂದು ಮಾತು.

ಅಂಚಿನಲ್ಲಿ ಕ್ಲೋನ್ ಸ್ಟ್ಯಾಂಪ್ ಬಳಸಿ ಎಂದಿದ್ದು ಪೂರ್ತಿ ಸರಿ. ಅದು ತೋರಿಸಿದ ಜಾಗವನ್ನು ಹಾಗೆಯೇ ತಂದಿಡುತ್ತದೆ, ಸುತ್ತಲಿನ ಬಣ್ಣ ಕಲಸುವುದಿಲ್ಲ. ಆದರೆ 30, 40 ಒಪ್ಯಾಸಿಟಿ ಮತ್ತು ಪೂರ್ತಿ ಮೃದುವಾದ ಬ್ರಷ್ ಮಸುಕು ಕಲೆಗೆ ಇನ್ನೊಂದು ಕಾರಣ. ಒಂದು ನೇಯ್ಗೆಯ ಮೇಲೆ ಇನ್ನೊಂದು ನೇಯ್ಗೆಯನ್ನು ಅರೆಪಾರದರ್ಶಕವಾಗಿ ಹೊದಿಸಿದರೆ ಎರಡರ ಸರಾಸರಿ ಬರುತ್ತದೆ. ಒಂದರ ಎಳೆ ಇನ್ನೊಂದರ ಸಂದಿಯ ಮೇಲೆ ಕೂತು ಎರಡೂ ಅಳಿಯುತ್ತವೆ. ಕ್ಯಾಮೆರಾದ ಸೂಕ್ಷ್ಮ ಕಣವೂ ಹಾಗೆಯೇ ಸಪಾಟಾಗುತ್ತದೆ. ದೂರದಿಂದ ಬಣ್ಣ ಸರಿಯಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ಆ ಜಾಗ ಮೇಣ ಸವರಿದಂತಿರುತ್ತದೆ. ಬಟ್ಟೆಯ ಮೇಲೆ ಒಪ್ಯಾಸಿಟಿ 100 ಇರಲಿ, ಹಾರ್ಡ್‌ನೆಸ್ 70ರಿಂದ 80 ಇರಲಿ. ಕೊನೆಗೆ ಬ್ಲರ್ ಅಂತೂ ಬೇಡವೇ ಬೇಡ.

ಪಿಕ್ಸೆಲ್ ಪಯಣ

ಚರ್ಮದ ಮೇಲೆ ನಾನು ಯಾವಾಗಲೂ ಕಡಿಮೆ ಒಪ್ಯಾಸಿಟಿಯಲ್ಲೇ ಮಾಡುತ್ತೇನೆ, ಒಳ್ಳೆಯ ಫಲ ಬರುತ್ತದೆ. ಬಟ್ಟೆಗೆ ಅದು ಹೊಂದುವುದಿಲ್ಲ ಎಂಬುದು ಒಪ್ಪತಕ್ಕ ಮಾತೇ. ಆದರೆ ಫ್ರೀಕ್ವೆನ್ಸಿ ಸೆಪರೇಷನ್ ಬಗ್ಗೆ ನೀವು ಏನೂ ಹೇಳಲಿಲ್ಲ.

ಹಳೇ ಸ್ಟುಡಿಯೋ

ನೆರಳಿಗೆ ಅದು ಒಳ್ಳೆಯದು, ಒಪ್ಪುತ್ತೇನೆ. ನೆರಳು ಬಿದ್ದ ಬಟ್ಟೆಯಲ್ಲಿ ನೇಯ್ಗೆ ಹಾಗೆಯೇ ಇರುತ್ತದೆ, ಬೆಳಕು ಮಾತ್ರ ಕಡಿಮೆ. ಹಾಗಾಗಿ ನೇಯ್ಗೆಯ ಲೇಯರನ್ನು ಮುಟ್ಟದೆ ಕೆಳಗಿನ ಮಸುಕು ಲೇಯರಿನಲ್ಲಿ ಬೆಳಕನ್ನಷ್ಟೇ ಸರಿಪಡಿಸಬಹುದು. ಎಂಟು ಬಿಟ್ ಕಡತವಾದರೆ Apply Imageನಲ್ಲಿ Subtract, Scale 2, Offset 128 ಕೊಟ್ಟು, ಮೇಲಿನ ಲೇಯರನ್ನು Linear Light ಮಾಡುವ ಲೆಕ್ಕ ನಿಮಗೆ ಗೊತ್ತಿರುವುದೇ. ಆದರೆ ಲ್ಯಾಪೆಲ್ ಅಂಚಿನ ಹತ್ತಿರ ಆ ಮಸುಕು ಲೇಯರಿನಲ್ಲೇ ಬಿಳಿಯೂ ಬೂದೂ ಒಂದರೊಳಗೊಂದು ಸೇರಿರುತ್ತವೆ. ಅಲ್ಲಿ ಕೈಹಾಕಿದರೆ ಅಂಚಿನುದ್ದಕ್ಕೂ ಪ್ರಭಾವಳಿಯಂಥ ಗೆರೆ ಮೂಡುತ್ತದೆ. ಟ್ಯಾಗಿನಂಥ ಘನವಾದ ವಸ್ತುವನ್ನು ತೆಗೆಯಲು ಅದರಿಂದ ಆಗದು, ಅಂಚಿನಿಂದ ದೂರವಿರುವ ನೆರಳಿಗೆ ಸರಿ.

ಇನ್ನು ಅಚ್ಚುಮೊಳೆಯವರ ಎರಡನೆಯ ಬದಿಗೆ ಬರೋಣ. ಮೂಲ ಲೇಯರನ್ನು ಮುಟ್ಟಬೇಡಿ. ಮೇಲೊಂದು ಖಾಲಿ ಲೇಯರ್ ಇಟ್ಟುಕೊಂಡು ಕ್ಲೋನ್ ಸ್ಟ್ಯಾಂಪ್, ಹೀಲಿಂಗ್ ಬ್ರಷ್ ಎರಡರ Sample ಅನ್ನೂ Current & Below ಮಾಡಿಕೊಳ್ಳಿ. ತಪ್ಪಾದರೆ ಅಷ್ಟನ್ನೇ ಅಳಿಸಬಹುದು.

ಪೆನ್ ಟೂಲಿನಿಂದ ಲ್ಯಾಪೆಲ್ ಅಂಚಿನ ಗೆರೆ ಎಳೆಯಿರಿ. ಟ್ಯಾಗಿನ ಮೇಲೆ ಕಾಣುವ ಅಂಚಿನಿಂದ ಹೊರಟು, ಮುಚ್ಚಿದ ಜಾಗವನ್ನು ದಾಟಿ, ಕೆಳಗೆ ಮತ್ತೆ ಕಾಣುವ ಅಂಚಿಗೆ ಸೇರಬೇಕು. ಅಂಗಿಯ ಕಡೆಯನ್ನು ಸುತ್ತುವರಿದು ಅದನ್ನು ಸೆಲೆಕ್ಷನ್ ಮಾಡಿ, ಫೆದರ್ ಅರ್ಧ ಪಿಕ್ಸೆಲ್ಲಿನಿಂದ ಒಂದು ಪಿಕ್ಸೆಲ್‌ವರೆಗೆ ಸಾಕು. ಈಗ ಅಂಗಿಯನ್ನು ಮಾತ್ರ ತುಂಬಿ. ಆಮೇಲೆ ಸೆಲೆಕ್ಷನ್ ತಿರುಗುಮುರುಗು ಮಾಡಿ ಕೋಟನ್ನು ಮಾತ್ರ ತುಂಬಿ. ಒಂದು ಕಡೆಯ ಬಣ್ಣ ಇನ್ನೊಂದು ಕಡೆ ಕಾಲಿಡಲು ಜಾಗವೇ ಇರುವುದಿಲ್ಲ.

ನಕಲು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಬಟ್ಟೆಯ ಮಡಿಕೆ ಯಾವ ದಿಕ್ಕಿಗೆ ಹರಿಯುತ್ತದೆಯೋ ಅದೇ ದಿಕ್ಕಿನಲ್ಲಿ ಸರಿದು ತೆಗೆದುಕೊಳ್ಳಿ. ಮಡಿಕೆಗೆ ಅಡ್ಡವಾಗಿ ತೆಗೆದುಕೊಂಡರೆ ಬೆಳಕಿನ ಭಾಗ ನೆರಳಿನೊಳಗೆ ಬಂದು ಕೂರುತ್ತದೆ. ಬ್ರಷ್‌ನ ಅಗಲ ನಿಮ್ಮ 60 ಪಿಕ್ಸೆಲ್ ಪಟ್ಟಿಗೆ 30, 35 ಇರಲಿ. ಉದ್ದಕ್ಕೆ ಎಳೆಯದೆ ಒತ್ತಿ ಒತ್ತಿ ತುಂಬಿ, ಆಗಾಗ ಮೂಲದ ಜಾಗ ಬದಲಿಸಿ, ಇಲ್ಲದಿದ್ದರೆ ಒಂದೇ ನೂಲಿನ ಗಂಟು ಸಾಲಾಗಿ ಕಾಣುತ್ತದೆ. ಇಷ್ಟಾದ ಮೇಲೆ ತುಂಬಿದ ಜಾಗಕ್ಕೂ ಹಳೆಯ ಬಟ್ಟೆಗೂ ನಡುವೆ ಸಣ್ಣ ಬೆಳಕಿನ ವ್ಯತ್ಯಾಸ ಉಳಿಯುತ್ತದೆ. ಹೀಲಿಂಗ್ ಬ್ರಷ್‌ನ ಸರದಿ ಈಗ. ಅದೇ ಸೆಲೆಕ್ಷನ್ ಚಾಲ್ತಿಯಲ್ಲಿರುವಾಗಲೇ ಆ ಸೇರುಗೆರೆಯ ಮೇಲೆ ಮಾತ್ರ ಆಡಿಸಿ. ಫೋಟೊಶಾಪ್‌ನಲ್ಲಿ ಸೆಲೆಕ್ಷನ್ ಇದ್ದರೆ ಹೊರಗಿನ ಬಣ್ಣ ಒಳಗೆ ಸೋರುವುದಿಲ್ಲ.

ನೀವು ಮೊದಲು ಹೀಲಿಂಗ್, ಆಮೇಲೆ ಅಂಚು ಎಂದು ಹೊರಟಿರಿ. ಕ್ರಮ ತಿರುವಿ, ಮೊದಲು ಅಂಚು ಗಟ್ಟಿಯಾಗಲಿ.

ಉಚಿತ ತಂತ್ರಾಂಶ

ನಾನು ಗಿಂಪ್ ಬಳಸುವವನು. ಇಲ್ಲಿಯೂ ಕ್ಲೋನ್ ಮತ್ತು ಹೀಲ್ ಎರಡೂ ಇವೆ. ಕಂಟ್ರೋಲ್ ಒತ್ತಿ ಮೂಲದ ಜಾಗ ತೋರಿಸಬೇಕು, ಖಾಲಿ ಲೇಯರಿನಲ್ಲಿ ಮಾಡುವುದಾದರೆ Sample merged ಗುರುತು ಹಾಕಿಕೊಳ್ಳಬೇಕು. ಆದರೆ ಸೆಲೆಕ್ಷನ್ ಹಾಕಿದರೂ ನನಗೆ ಹೀಲ್ ಟೂಲಿನಲ್ಲಿ ಅಂಚಿನ ಬಣ್ಣ ಒಳಗೆ ಬಂದ ಹಾಗೆ ಕಾಣುತ್ತದೆ. ಬೇರೆ ಯಾರಿಗಾದರೂ ಹೀಗಾಗಿದೆಯೇ? ಸದ್ಯಕ್ಕೆ ಹೀಲ್ ಬ್ರಷ್ ಅಂಚಿಗೆ ತಾಗದಂತೆ ಒಂದು ಬ್ರಷ್ ಅಗಲದಷ್ಟು ದೂರ ಉಳಿಸಿಕೊಂಡು, ಆ ಸಂದಿಯನ್ನು ಕ್ಲೋನಿನಿಂದಲೇ ಮುಗಿಸುತ್ತಿದ್ದೇನೆ.

ಪಿಕ್ಸೆಲ್ ಪಯಣ

ನಾನು ಗಿಂಪ್‌ನಲ್ಲಿ ಮಾಡಿದಾಗ ಸೆಲೆಕ್ಷನ್‌ನಿಂದ ಪ್ರಯೋಜನವಾಗಿತ್ತು. ಬ್ರಷ್ ಬಹಳ ಚಿಕ್ಕದಿತ್ತು, ಅದರಿಂದಲೂ ಇರಬಹುದು.

ಇಳಕಲ್ ಸೆರಗು

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮ ಬ್ಯಾಂಕಿನ ತರಬೇತಿ ಕೇಂದ್ರದಲ್ಲಿ ತೆಗೆದ ನನ್ನ ಚಿತ್ರವನ್ನು ಸಂಘದ ಪತ್ರಿಕೆಗೆ ಕೊಡಬೇಕು. ಅದರಲ್ಲಿ ಐಡಿ ಕಾರ್ಡಿನ ದಾರ ತೆಳ್ಳಗಿದೆ, ಕಪ್ಪು. ಒಂದು ಸ್ಟುಡಿಯೋದಲ್ಲಿ ತೆಗೆಸಿಕೊಟ್ಟರು. ಮನೆಗೆ ಬಂದು ನೋಡಿದರೆ ದಾರದ ಜೊತೆಗೆ ಕರಿಮಣಿಯೂ ಅರ್ಧ ಹೋಗಿದೆ! ಎಡಗಡೆ ಸರವಿದೆ, ಬಲಗಡೆ ಕೊರಳು ಖಾಲಿ. ನನ್ನ ಅತ್ತೆಯವರು ಅದನ್ನು ನೋಡಿ ಬಹಳ ನೊಂದುಕೊಂಡರು. ಜೊತೆಗೆ ಸೆರಗಿಗೆ ಕಾಲರ್ ಮೈಕ್ ಸಿಕ್ಕಿಸಿದ್ದ ಕಡೆ ಜರಿ ಅಂಚು ಕಲಸಿದ ಹಾಗಿದೆ. ಇದನ್ನು ಸರಿಪಡಿಸಲು ಆಗುತ್ತದೆಯೇ?

ಹಳೇ ಸ್ಟುಡಿಯೋ

ಮೇಡಂ, ಕ್ಷಮೆ ಯಾಕೆ, ಇದೂ ಅದೇ ಕೆಲಸ. ತಿದ್ದಿದ ಪ್ರತಿಯನ್ನು ಪಕ್ಕಕ್ಕಿಟ್ಟು ಮೂಲ ಚಿತ್ರದಿಂದಲೇ ಮತ್ತೆ ಆರಂಭಿಸಲು ಹೇಳಿ. ಕಪ್ಪು ದಾರವೂ ಕರಿಮಣಿಯೂ ಅಕ್ಕಪಕ್ಕ ಹೋಗುವಾಗ ದೊಡ್ಡದಾಗಿಸಿ ನೋಡಿ, ಯಾವುದು ಯಾವುದು ಎಂದು ಮೊದಲು ಗುರುತಿಸಿಕೊಳ್ಳಬೇಕು. ಮಣಿಯ ಮೇಲೆ ಒಂದೊಂದು ಬೆಳಕಿನ ಚುಕ್ಕೆ ಇರುತ್ತದೆ, ದಾರದ ಮೇಲೆ ಇರುವುದಿಲ್ಲ. ದಾರ ಮಣಿಗಳ ಮೇಲೆಯೇ ಹಾದುಹೋಗಿದ್ದರೆ ಅಲ್ಲಿ ಮಣಿಗಳನ್ನು ಮತ್ತೆ ಕಟ್ಟಬೇಕು. ಸರದ ಅದೇ ಬದಿಯಿಂದ, ಸ್ವಲ್ಪ ಮೇಲೆ ಅಥವಾ ಕೆಳಗೆ, ನಾಲ್ಕೈದು ಮಣಿಗಳ ತುಂಡನ್ನು ನಕಲು ಮಾಡಿ, ಸರ ಬಾಗಿರುವ ಹಾಗೆ ತಿರುಗಿಸಿ ಕೂರಿಸಬೇಕು. ಎಡಗಡೆಯ ಸರವನ್ನು ಕನ್ನಡಿಯಂತೆ ಮಗುಚಿ ಬಲಕ್ಕೆ ಹಾಕಬಾರದು. ಬೆಳಕಿನ ಚುಕ್ಕೆ ತಪ್ಪು ಬದಿಗೆ ಬಂದುಬಿಡುತ್ತದೆ, ಕಾರಣ ಗೊತ್ತಾಗದಿದ್ದರೂ ನೋಡುವವರಿಗೆ ಇರಿಸುಮುರಿಸಾಗುತ್ತದೆ. ಮಣಿಯ ಕೆಳಗೆ ಚರ್ಮದ ಮೇಲೆ ಬೀಳುವ ಸಣ್ಣ ನೆರಳನ್ನೂ ಜೊತೆಗೇ ತರಬೇಕು, ಅದಿಲ್ಲದಿದ್ದರೆ ಸರ ಕೊರಳಿನಿಂದ ಮೇಲೆ ತೇಲುತ್ತದೆ.

ಜರಿ ಅಂಚಿನಲ್ಲಿ ಬ್ರಷ್ ಉಪಯೋಗಕ್ಕೆ ಬರುವುದಿಲ್ಲ. ಅಂಚಿನ ವಿನ್ಯಾಸ ಮರುಕಳಿಸುತ್ತದಲ್ಲ, ಒಂದು ಆವರ್ತನೆಯಷ್ಟು ತುಂಡನ್ನು ಪೂರ್ತಿಯಾಗಿ ಕತ್ತರಿಸಿ ಹೊಸ ಲೇಯರಿಗೆ ಹಾಕಿ, ಸೆರಗಿನ ಬಾಗಿಗೆ ಸರಿಯಾಗಿ ವಾರ್ಪ್ ಮಾಡಿ ಕೂರಿಸಬೇಕು. ಜರಿ ಬೆಳಕನ್ನು ಒಂದೊಂದು ಕೋನಕ್ಕೆ ಒಂದೊಂದು ಹಾಗೆ ಎಸೆಯುತ್ತದೆ, ಆದ್ದರಿಂದ ಪಕ್ಕದ ಆವರ್ತನೆಯನ್ನೇ ತೆಗೆದುಕೊಳ್ಳಿ, ದೂರದ್ದು ಬೇಡ. ಅಷ್ಟು ಶ್ರಮ ಬೇಡವೆನಿಸಿದರೆ ಚಿತ್ರವನ್ನು ಮೈಕಿಗಿಂತ ಮೇಲಕ್ಕೆ ಕತ್ತರಿಸಿಬಿಡಿ. ಪತ್ರಿಕೆಯ ಅಂಚೆಚೀಟಿ ಗಾತ್ರದ ಚಿತ್ರಕ್ಕೆ ಭುಜದವರೆಗೆ ಇದ್ದರೆ ಸಾಕು.

ಸುದ್ದಿಮನೆ

ಪತ್ರಿಕೆ ಎಂದಿರಿ, ಆದ್ದರಿಂದ ಬರೆಯುತ್ತಿದ್ದೇನೆ. ಸಂಘದ ಪರಿಚಯ ಪುಟಕ್ಕಾದರೆ ಯಾರ ಅಭ್ಯಂತರವೂ ಇಲ್ಲ. ಅದೇ ಚಿತ್ರವನ್ನು ಕಾರ್ಯಕ್ರಮದ ವರದಿಯ ಜೊತೆ ಸುದ್ದಿಚಿತ್ರವಾಗಿ ಹಾಕುವುದಾದರೆ ಟ್ಯಾಗನ್ನಾಗಲಿ ಮೈಕನ್ನಾಗಲಿ ತೆಗೆಯಬಾರದು. 2014ರ ಜನವರಿಯಲ್ಲಿ ಎಪಿ ಸುದ್ದಿಸಂಸ್ಥೆ ಒಬ್ಬ ಪ್ರಶಸ್ತಿ ವಿಜೇತ ಛಾಯಾಗ್ರಾಹಕರೊಂದಿಗಿನ ಸಂಬಂಧವನ್ನೇ ಕಡಿದುಕೊಂಡಿತು. ಅವರು ಸಿರಿಯಾದ ಒಂದು ಚಿತ್ರದ ಮೂಲೆಯಲ್ಲಿ ಕಾಣುತ್ತಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಅಳಿಸಿದ್ದರು. ಅಚ್ಚುಮೊಳೆಯವರೇ, ನಿಮ್ಮ ಸಂಚಿಕೆಯಲ್ಲಿ ಅದೇ ವಿಚಾರ ಸಂಕಿರಣದ ವರದಿಯೂ ಇದ್ದರೆ ಅಲ್ಲಿ ತಿದ್ದದ ಚಿತ್ರವನ್ನೇ ಬಳಸಿ.

ಅಚ್ಚುಮೊಳೆ

ವರದಿ ಇಲ್ಲ ಸರ್, ಪರಿಚಯ ಲೇಖನ ಮಾತ್ರ. ಟ್ಯಾಗ್ ತೆಗೆಯುತ್ತಿದ್ದೇವೆ ಎಂದು ಅವರಿಗೂ ತಿಳಿಸಿ ಒಪ್ಪಿಗೆ ಪಡೆದಿದ್ದೇನೆ.

ಹಳೇ ಸ್ಟುಡಿಯೋ ಅವರೇ, ಎಡಬದಿಗೆ ಕಣ್ಣು ಮುಚ್ಚಿದ ಚಿತ್ರದ ಅಂಚು ಅಚ್ಚುಕಟ್ಟಾಗಿ ಕೂತಿತು. ಬಲಬದಿಯನ್ನು ಪೆನ್ ಗೆರೆ ಎಳೆದು ನೀವು ಹೇಳಿದ ಕ್ರಮದಲ್ಲಿ ತುಂಬಿದೆ, ಮೋಡ ಬರಲಿಲ್ಲ. ಉಳಿದಿರುವುದು ಎರಡು. ಟ್ಯಾಗ್ ಇದ್ದ ಜಾಗದ ಪಕ್ಕದಲ್ಲಿ ಅಂಗಿಯ ಮೇಲೆ ತೆಳುವಾದ ನೀಲಿ ಛಾಯೆ ಇದೆ, ಕೊಳಕಾದಂತೆ ಕಾಣುತ್ತದೆ. ಮತ್ತೆ ಟೈ ಮೇಲಿನ ಕ್ಲಿಪ್ಪಿನ ಬಳಿ ಇನ್ನೂ ಹೋಗಿಲ್ಲ.

ಹಳೇ ಸ್ಟುಡಿಯೋ

ನೀಲಿ ಛಾಯೆ ಟ್ಯಾಗಿನ ಪ್ರತಿಫಲನ. ವೇದಿಕೆಯ ದೀಪ ಹೊಳೆಯುವ ಪಟ್ಟಿಯ ಮೇಲೆ ಬಿದ್ದು ಬಿಳಿ ಅಂಗಿಗೆ ಬಣ್ಣ ಚೆಲ್ಲಿದೆ. ಅಲ್ಲಿ ನೇಯ್ಗೆ ಸರಿಯಿದೆ, ಬೆಳಕೂ ಸರಿಯಿದೆ, ಬಣ್ಣ ಮಾತ್ರ ತಪ್ಪು. ಆದ್ದರಿಂದ ನಕಲು ಬೇಡ. ಹೊಸ ಲೇಯರನ್ನು Color ಮೋಡಿನಲ್ಲಿಟ್ಟು, ಅಂಗಿಯ ಶುಭ್ರವಾದ ಜಾಗದಿಂದ ಬಣ್ಣ ಎತ್ತಿಕೊಂಡು, ದೊಡ್ಡ ಮೃದು ಬ್ರಷ್‌ನಿಂದ ಹಗುರವಾಗಿ ಸವರಿ. ಇಲ್ಲಿ ಕಡಿಮೆ ಒಪ್ಯಾಸಿಟಿ ನಿರಾತಂಕವಾಗಿ ಬಳಸಬಹುದು, ಏಕೆಂದರೆ ನೇಯ್ಗೆಗೆ ಅದು ತಾಗುವುದೇ ಇಲ್ಲ. ಗದ್ದದ ಕೆಳಗೂ ಒಮ್ಮೆ ನೋಡಿ, ಅಲ್ಲಿಯೂ ನೀಲಿ ಬಿದ್ದಿರುತ್ತದೆ. ಅಲ್ಲಿಗೆ ಚರ್ಮದ ಬಣ್ಣವನ್ನು ಕೊರಳಿನ ನೆರಳಿನ ಭಾಗದಿಂದಲೇ ಎತ್ತಿಕೊಳ್ಳಿ, ಕೆನ್ನೆಯಿಂದ ಬೇಡ.

ಟೈ ವಿಷಯ. ಓರೆಗೆರೆ ಇರುವ ಟೈಯಲ್ಲಿ ಮೂಲದ ಜಾಗವನ್ನು ಮನಬಂದಂತೆ ಆರಿಸಿದರೆ ಗೆರೆ ಮುರಿಯುತ್ತದೆ. ಕ್ಲಿಪ್ಪಿನ ಕೆಳಗೆ ಒಂದು ಗೆರೆಯ ಅಂಚಿನ ಮೇಲೆಯೇ ಮೂಲವನ್ನು ಗುರುತಿಸಿ, ಕ್ಲಿಪ್ಪಿನ ಪಕ್ಕದಲ್ಲಿ ಅದೇ ಬಣ್ಣದ ಗೆರೆಯ ಅದೇ ಅಂಚಿನ ಮೇಲೆ ಮೊದಲ ಒತ್ತು ಕೊಡಿ. Aligned ಗುರುತು ಇರಲಿ. ಆಗ ಗೆರೆಗಳು ತಾವಾಗಿಯೇ ಮುಂದುವರಿಯುತ್ತವೆ. ಟೈ ಕೆಳಗೆ ಹೋದಂತೆ ಅಗಲವಾಗುತ್ತದೆ, ಗೆರೆಯ ಕೋನವೂ ತುಸು ಬದಲಾಗಬಹುದು. ಹಾಗಿದ್ದರೆ Clone Source ಫಲಕದಲ್ಲಿ ಒಂದೆರಡು ಡಿಗ್ರಿ ತಿರುಗಿಸಿಕೊಳ್ಳಿ.

ಕ್ಲಿಪ್ಪಿನ ಜೊತೆಗೆ ಮೂರು ಸಂಗತಿ ತೆಗೆಯಬೇಕು. ಮೈಕಿನ ಕೆಳಗೆ ಬಿದ್ದ ನೆರಳು, ಅಂಗಿಯೊಳಗೆ ಹೋಗುವ ತೆಳು ವೈರು, ಕ್ಲಿಪ್ಪು ಹಿಡಿದು ಟೈಯನ್ನು ಚಿವುಟಿದ ಜಾಗದಲ್ಲಿ ಎದ್ದ ಸುಕ್ಕು. ಜನ ಮೊದಲ ಎರಡನ್ನು ತೆಗೆದು ಸುಕ್ಕನ್ನು ಬಿಡುತ್ತಾರೆ. ಕ್ಲಿಪ್ಪಿಲ್ಲದೆ ಬರೀ ಸುಕ್ಕು ಉಳಿದರೆ ಕೊಳೆ ಮೆತ್ತಿದೆಯೇನೋ ಎನಿಸುತ್ತದೆ. ಸುಕ್ಕನ್ನೂ ಸೇರಿಸಿ ತುಂಬಿ.

ಪಿಕ್ಸೆಲ್ ಪಯಣ

ಇದರಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಟ್ಯಾಗಿನ ಭಾರಕ್ಕೆ ಅಂಗಿಯ ಕಾಲರ್ ಒಳಕ್ಕೆ ಕುಗ್ಗಿರುತ್ತದೆ, ಕೋಟಿನ ಮೇಲೆಯೂ ಗುಂಡಿ ಬಿದ್ದಿರುತ್ತದೆ. ಇವನ್ನೆಲ್ಲ ಸಪಾಟು ಮಾಡುತ್ತ ಹೋದರೆ ಬಟ್ಟೆ ಇಸ್ತ್ರಿಪೆಟ್ಟಿಗೆಯಿಂದ ಈಗಷ್ಟೇ ಬಂದಂತೆ ಆಗಿ ಮುಖಕ್ಕೆ ಹೊಂದುವುದಿಲ್ಲ. ನಾನಾದರೆ ಟೈಯ ಸುಕ್ಕನ್ನು ತೆಗೆದು ಕಾಲರಿನ ಕುಗ್ಗನ್ನು ಬಿಡುತ್ತೇನೆ.

ಹಳೇ ಸ್ಟುಡಿಯೋ

ಕಾಲರಿನ ಕುಗ್ಗು ಬಿಡಬಹುದು, ಕಾಲರ್ ಹಾಗೆ ಕುಗ್ಗಲು ನೂರು ಕಾರಣವಿರುತ್ತದೆ. ಕೋಟಿನ ಮೇಲಿನ ಗುಂಡಿ ಪಟ್ಟಿಯ ಆಕಾರದಲ್ಲೇ ಇದ್ದರೆ ನಾನು ತೆಗೆಯುತ್ತೇನೆ. ಎರಡು ಸಮಾನಾಂತರ ಗೆರೆ ಭುಜದಿಂದ ಇಳಿದರೆ ಅಲ್ಲಿ ಏನೋ ಇತ್ತು ಎಂದು ಯಾರಿಗಾದರೂ ತಿಳಿಯುತ್ತದೆ.

ಕೊನೆಗೆ ಪರೀಕ್ಷೆ, ಅಚ್ಚುಮೊಳೆಯವರೇ. ಇದನ್ನು ಬಿಡಬೇಡಿ. ಮಸುಕು ಕಲೆ ಎರಡು ಬಗೆ, ಒಂದನ್ನು ಹುಡುಕುವ ರೀತಿಯಲ್ಲಿ ಇನ್ನೊಂದು ಸಿಗುವುದಿಲ್ಲ. ನೇಯ್ಗೆ ಅಳಿದ ಕಲೆಯನ್ನು ನೋಡಲು ಚಿತ್ರ 100 ಪ್ರತಿಶತದಲ್ಲಿರಬೇಕು. ಟ್ಯಾಗ್ ಇದ್ದ ದಾರಿಯುದ್ದಕ್ಕೂ ನಿಧಾನವಾಗಿ ಸರಿಯುತ್ತ ಹೋಗಿ, ಸಪಾಟಾದ ಜಾಗ ತಾನೇ ಕಾಣುತ್ತದೆ. ಬೆಳಕು ತಪ್ಪಿದ ಕಲೆ ಅಷ್ಟು ಹತ್ತಿರದಲ್ಲಿ ಕಾಣುವುದಿಲ್ಲ. ಅದಕ್ಕೆ ಚಿತ್ರವನ್ನು ಹೆಬ್ಬೆಟ್ಟಿನಷ್ಟು ಚಿಕ್ಕದು ಮಾಡಿ ನೋಡಬೇಕು. ಭುಜದಿಂದ ಎದೆಗೆ ಇಳಿಯುವ ಕಪ್ಪು ಪಟ್ಟಿಯೊಂದು ಆಗ ತಟ್ಟನೆ ಕಣ್ಣಿಗೆ ಬೀಳುತ್ತದೆ. ಇನ್ನೂ ಖಚಿತ ಬೇಕಿದ್ದರೆ ಎಲ್ಲಕ್ಕಿಂತ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ, ಗೆರೆಯನ್ನು ಮೇಲೆ ಕೆಳಗೆ ಮೇಲೆ ಎಂದು ಅಲೆಯಂತೆ ಬಗ್ಗಿಸಿ. ಬಣ್ಣಗಳೆಲ್ಲ ವಿಕಾರವಾಗುತ್ತವೆ, ಜೊತೆಗೆ ಬರಿಗಣ್ಣಿಗೆ ಕಾಣದ ಕಲೆಗಳೂ ಎದ್ದು ನಿಲ್ಲುತ್ತವೆ. ಸರಿಪಡಿಸಿದ ಮೇಲೆ ಆ ಲೇಯರನ್ನು ತೆಗೆದುಹಾಕಿ.

ಉಚಿತ ತಂತ್ರಾಂಶ

ಅಲೆಯ ಕರ್ವ್ಸ್ ಗಿಂಪ್‌ನಲ್ಲಿಯೂ ಮಾಡಿ ನೋಡಿದೆ. ದಂಗಾದೆ. ಮುಗಿಯಿತೆಂದು ಬಿಟ್ಟಿದ್ದ ಒಂದು ಚಿತ್ರದಲ್ಲಿ ದಾರದ ನೆರಳು ಪೂರ್ತಿ ಉದ್ದಕ್ಕೆ ಕಾಣಿಸಿತು. ನನ್ನ ಗಿಂಪ್‌ನಲ್ಲಿ ಕರ್ವ್ಸ್ ಪ್ರತ್ಯೇಕ ಲೇಯರ್ ಆಗಿ ಬರುವುದಿಲ್ಲ, ಹಾಗಾಗಿ ಎಲ್ಲವನ್ನೂ ಸೇರಿಸಿದ ಒಂದು ನಕಲು ಲೇಯರ್ ಮಾಡಿಕೊಂಡು ಅದರ ಮೇಲೆ ಹಾಕಿದೆ.

ಅಚ್ಚುಮೊಳೆ

ನೀಲಿ ಛಾಯೆ ಹೋಯಿತು. ಟೈ ಗೆರೆಗಳು ಕೂಡಿಕೊಂಡವು, ಸುಕ್ಕನ್ನೂ ತೆಗೆದೆ. ಚಿಕ್ಕದು ಮಾಡಿ ನೋಡಿದಾಗ ಬಲ ಲ್ಯಾಪೆಲ್ ಮೇಲೆ ನೀವು ಹೇಳಿದಂಥದೇ ಕಪ್ಪು ಪಟ್ಟಿ ಕಂಡಿತು. ಟ್ಯಾಗನ್ನು ಮಾತ್ರ ತುಂಬಿ ಅದರ ನೆರಳನ್ನು ಹೊರಗೆ ಬಿಟ್ಟಿದ್ದೆ. ಅದು ಅಂಚಿನಿಂದ ದೂರವಿದ್ದುದರಿಂದ ಪಿಕ್ಸೆಲ್ ಪಯಣ ಅವರ ವಿಧಾನದಲ್ಲೇ ಬೆಳಕನ್ನು ಸರಿಪಡಿಸಿದೆ. ನೇಯ್ಗೆ ಹಾಗೆಯೇ ಉಳಿಯಿತು. ಇಬ್ಬರಿಗೂ ಧನ್ಯವಾದ.

ಕೋಟಿನ ಭುಜದ ಮೇಲಿನ ಗುಂಡಿಯನ್ನು ಏನು ಮಾಡಲಿ ಎಂದು ಇನ್ನೂ ತೀರ್ಮಾನಿಸಿಲ್ಲ. ತೆಗೆದ ಪ್ರತಿ, ಬಿಟ್ಟ ಪ್ರತಿ ಎರಡನ್ನೂ ಅಚ್ಚಿಗೆ ಹೋಗುವ ಅಳತೆಯಲ್ಲಿ ಮುದ್ರಿಸಿ ಸಂಪಾದಕರ ಮುಂದಿಡುತ್ತೇನೆ.

ಇಳಕಲ್ ಸೆರಗು

ನಾನು ಮೂಲ ಚಿತ್ರವನ್ನು ಇನ್ನೊಂದು ಸ್ಟುಡಿಯೋಗೆ ಒಯ್ದು, ಹಳೇ ಸ್ಟುಡಿಯೋ ಅವರ ಮಾತನ್ನು ಹಾಗೆಯೇ ಓದಿ ಹೇಳಿದೆ. ಸರವನ್ನು ಅದೇ ಬದಿಯ ಮಣಿಗಳಿಂದ ಕಟ್ಟಿಕೊಡುತ್ತೇವೆ ಎಂದಿದ್ದಾರೆ. ಜರಿಗೆ ಮಾತ್ರ ಹೆಚ್ಚು ಹಣ ಕೇಳಿದರು, ಆದ್ದರಿಂದ ಭುಜದವರೆಗೆ ಕತ್ತರಿಸಲು ಹೇಳಿದ್ದೇನೆ. ಒಂದು ಸಂದೇಹ ಸರ್: ದಾರ ಕುಪ್ಪಸದ ಕೊರಳಂಚಿನ ಮೇಲೂ ಹಾದುಹೋಗಿದೆ, ಅಲ್ಲಿ ಕಸೂತಿಯ ಸಣ್ಣ ಹೂಗಳಿವೆ. ಅವೂ ಜರಿಯ ಹಾಗೆ ತುಂಡು ಕತ್ತರಿಸಿಯೇ ಕೂರಿಸಬೇಕೆ?

ಹಳೇ ಸ್ಟುಡಿಯೋ

ಹೌದು ಮೇಡಂ. ಆದರೆ ಕಸೂತಿ ಕೈಕೆಲಸವಾದ್ದರಿಂದ ಎರಡು ಹೂಗಳು ಒಂದೇ ಥರ ಇರುವುದಿಲ್ಲ. ಪಕ್ಕದ ಹೂವನ್ನೇ ತಂದು ಪಕ್ಕದಲ್ಲಿಟ್ಟರೆ ಜೋಡಿ ಎದ್ದು ಕಾಣುತ್ತದೆ. ಎರಡು ಮೂರು ಹೂ ಆಚೆಯದನ್ನು ತೆಗೆದುಕೊಂಡು, ಒಂದು ಎಸಳನ್ನು ಮತ್ತೊಂದು ಹೂವಿನಿಂದ ಬದಲಿಸಲು ಹೇಳಿ. ಕೊರಳಂಚಿನ ಹೊಲಿಗೆಯ ಗೆರೆಯನ್ನು ಮಾತ್ರ ಮೊದಲು ಕಟ್ಟಿಕೊಳ್ಳಬೇಕು, ಹೂ ಆಮೇಲೆ.